ಹೆಸರಿನ ಕೆಳಗೊಂದು ಸಾಲು

ಬೆಂಗಳೂರಿನ ದರ್ಶಿನಿಗಳ ಗೋಡೆಯ ಮೇಲಿನ ತಿಂಡಿಪಟ್ಟಿಯಲ್ಲಿ ಚೌಚೌ ಬಾತ್ ಇದ್ದೇ ಇರುತ್ತದೆ. ಒಂದು ಹಿಡಿ ಖಾರಾಬಾತ್, ಪಕ್ಕದಲ್ಲಿ ಒಂದು ಹಿಡಿ ಕೇಸರಿಬಾತ್, ಜೊತೆಗೆ ಚಟ್ನಿ. ನಮಗೆ ವಿವರಣೆಯೇ ಬೇಡ. ಆದರೆ ಹೊರಗಿನಿಂದ ಬಂದವರು ಆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ಏನೆಂದುಕೊಳ್ಳಬಹುದು? ಚೌ ಎಂದ ಕೂಡಲೇ ಒಬ್ಬರಿಗೆ ನೂಡಲ್ಸ್ ನೆನಪಾಗುತ್ತದೆ. ನಿಘಂಟು ತೆರೆದವರಿಗೆ ಸೀಮೆಬದನೆಕಾಯಿ ಸಿಗುತ್ತದೆ, ಏಕೆಂದರೆ ತರಕಾರಿ ಅಂಗಡಿಯಲ್ಲಿ ಅದಕ್ಕೂ ಚೌಚೌ ಎಂಬ ಹೆಸರಿದೆ. ಬಿ-ಎ-ಟಿ-ಎಚ್ ಎಂದು ಬರೆದ ಬಾತ್ ಇಂಗ್ಲಿಷ್ ಓದುಗರಿಗೆ ಸ್ನಾನವಾಗಿಬಿಡುತ್ತದೆ. ಮರಾಠಿ ಬಲ್ಲವರು ಭಾತ್ ಎಂದರೆ ಅನ್ನ ಎಂದು ನಂಬಿ ಕೂತರೆ, ಎದುರಿಗೆ ಬರುವುದು ರವೆ. ಪದಗಳನ್ನು ಬಿಡಿಸಿ ಬಿಡಿಸಿ ಅರ್ಥ ಹುಡುಕಿದಷ್ಟೂ ತಟ್ಟೆ ದೂರವಾಗುತ್ತದೆ.

ಹಾಗಾದರೆ ಇದನ್ನು ಇಂಗ್ಲಿಷಿಗೋ ಹಿಂದಿಗೋ ತರುವುದು ಹೇಗೆ? ಹೆಸರನ್ನು ಕಿತ್ತುಹಾಕಿ ‘ಖಾರದ ಮತ್ತು ಸಿಹಿ ರವೆಯ ತಿಂಡಿ’ ಎಂದಷ್ಟೇ ಬರೆದರೆ ಗಿರಾಕಿಗೆ ಅರ್ಥವೇನೋ ಆಗುತ್ತದೆ, ಆದರೆ ಅವರು ಅದನ್ನೇ ಹೇಳಿ ಕೌಂಟರಿನಲ್ಲಿ ಟೋಕನ್ ಕೇಳಿದರೆ ಕೂತವನಿಗೆ ತಿಳಿಯುವುದಿಲ್ಲ. ತಿನಿಸಿನ ಹೆಸರು ಗಿರಾಕಿಗೂ ಅಡುಗೆಮನೆಗೂ ನಡುವೆ ಓಡಾಡಬೇಕಾದ ಮಾತು. ಅದು ಹಾಗೇ ಉಳಿಯಬೇಕು, ನಾವು ಉಚ್ಚರಿಸುವ ಹಾಗೆಯೇ ಬರೆಯಬೇಕು. ಅರ್ಥ ತಿಳಿಸುವ ಕೆಲಸ ಅದರ ಕೆಳಗಿನ ಒಂದು ಸಾಲಿನದು.

ಆ ಸಾಲಿನಲ್ಲಿ ಏನಿರಬೇಕು ಎಂಬುದಕ್ಕೆ ನೀರುದೋಸೆ ಒಳ್ಳೆಯ ಉದಾಹರಣೆ. ಕರಾವಳಿಯ ಊಟದ ಪಟ್ಟಿಗಳಲ್ಲಿ ಇದು ‘ವಾಟರ್ ದೋಸಾ’ ಆಗಿರುವುದುಂಟು. ನೀರು ಎಂದರೆ ವಾಟರ್, ಪದಕ್ಕೆ ಪದ ಸರಿಯೇ. ಆದರೆ ಇಲ್ಲಿ ನೀರು ಎಂಬುದು ಹಿಟ್ಟು ಎಷ್ಟು ತೆಳುವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು ತಿನ್ನುವ ವಸ್ತುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಹಾಲಿನಷ್ಟು ತೆಳ್ಳಗೆ ಮಾಡಿ, ಉದ್ದು ಹಾಕದೆ, ಹುಳಿ ಬರಲು ಬಿಡದೆ ಆಗಲೇ ಕಾವಲಿಗೆ ಹೊಯ್ಯುವ ದೋಸೆ ಇದು. ಬಿಳಿಯಾಗಿ, ಮೆತ್ತಗೆ, ತೂತುತೂತಾಗಿ ಬರುತ್ತದೆ. ಮಡಚಿ ಬಡಿಸುತ್ತಾರೆ. ಇಷ್ಟರಲ್ಲಿ ಗಿರಾಕಿಗೆ ತಿಳಿಯಲೇಬೇಕಾದ ಮಾತು ಒಂದೇ ಒಂದು: ಮೆತ್ತಗೆ. ಏಕೆಂದರೆ ಹೊರನಾಡಿನವರಿಗೆ ದೋಸೆ ಎಂದರೆ ಕೆಂಪಗೆ ಗರಿಗರಿಯಾಗಿರುವ ಮಸಾಲೆದೋಸೆ. ಆ ನಿರೀಕ್ಷೆಯಲ್ಲಿ ಕೂತವರಿಗೆ ನೀರುದೋಸೆ ಬಂದರೆ ಸರಿಯಾಗಿ ಬೇಯಿಸಿಲ್ಲ ಎಂದು ಹಿಂದಕ್ಕೆ ಕಳಿಸುತ್ತಾರೆ. ‘ಅಕ್ಕಿಹಿಟ್ಟಿನ ತೆಳುವಾದ ಮೆತ್ತನೆಯ ದೋಸೆ, ತೆಂಗಿನಕಾಯಿ–ಬೆಲ್ಲದೊಡನೆ’ ಎಂಬಷ್ಟು ಸಾಲು ಇದ್ದರೆ ಆ ತೊಂದರೆಯಿಲ್ಲ. ಹುಳಿ ಬರಿಸುವುದಿಲ್ಲ, ಉದ್ದಿಲ್ಲ ಎಂಬ ವಿವರಗಳು ಅಡುಗೆ ಪುಸ್ತಕಕ್ಕೆ ಸೇರಿದವು. ಅವನ್ನೆಲ್ಲ ಪಟ್ಟಿಗೆ ತುರುಕಿದರೆ ಹಸಿದವರು ಓದುವುದಿಲ್ಲ.

ಈ ವಿಷಯದಲ್ಲಿ ಬೀಜಿಂಗ್ ನಗರ ಮಾಡಿದ ಕೆಲಸವನ್ನು ನೋಡಬೇಕು. 2008ರ ಒಲಿಂಪಿಕ್ಸಿಗೆ ಹೊರದೇಶಗಳ ಜನ ಬರುವ ಮುಂಚೆ ಅಲ್ಲಿನ ಆಡಳಿತ ಚೀನೀ ತಿನಿಸುಗಳ ಇಂಗ್ಲಿಷ್ ಹೆಸರುಗಳ ದೊಡ್ಡ ಪಟ್ಟಿಯನ್ನೇ ಹೊರತಂದಿತು. ಅದಕ್ಕೂ ಮೊದಲು ಅಲ್ಲಿನ ಊಟದ ಪಟ್ಟಿಗಳಲ್ಲಿ ‘ಗಂಡ ಹೆಂಡತಿ ಶ್ವಾಸಕೋಶದ ಹೋಳು’ ಎಂಬ ತಿನಿಸಿತ್ತು. ಚೆಂಗ್ಡು ನಗರದ ದಂಪತಿ ಮಾರುತ್ತಿದ್ದ ತಿನಿಸೆಂದು ಆ ಹೆಸರು ಬಂದಿದೆ. ಈಗ ಅದರಲ್ಲಿ ಶ್ವಾಸಕೋಶವೇ ಇರುವುದಿಲ್ಲ, ಇರುವುದು ಖಾರದ ಎಣ್ಣೆಯಲ್ಲಿ ಕಲಸಿದ ದನದ ಮಾಂಸ ಮತ್ತು ಒಳಭಾಗಗಳ ತೆಳು ಹೋಳುಗಳು. ‘ಸಿಂಹದ ತಲೆ’ ಎಂಬುದು ಹಂದಿಮಾಂಸದ ದೊಡ್ಡ ಉಂಡೆ. ಒಣಗಿದ್ದು ಎಂಬ ಅರ್ಥದ ಒಂದು ಅಕ್ಷರ ಕೆಲವು ಪಟ್ಟಿಗಳಲ್ಲಿ ಅಶ್ಲೀಲ ಬೈಗುಳವಾಗಿ ಅಚ್ಚಾಗಿತ್ತು. ಚೀನೀ ಲಿಪಿಯನ್ನು ಸರಳಗೊಳಿಸಿದಾಗ ಬೇರೆ ಬೇರೆ ಅರ್ಥದ ಅಕ್ಷರಗಳು ಒಂದೇ ರೂಪಕ್ಕೆ ಬಂದಿದ್ದವು. ಅನುವಾದದ ತಂತ್ರಾಂಶ ಆ ರೂಪಕ್ಕೆ ತಪ್ಪು ಅರ್ಥವನ್ನು ಆರಿಸಿಕೊಂಡಿತು, ಅಂಗಡಿಯವನಿಗೆ ಅದನ್ನು ಓದಿ ತಿದ್ದುವಷ್ಟು ಇಂಗ್ಲಿಷ್ ಇರಲಿಲ್ಲ.

ಬೀಜಿಂಗಿನವರ ಸೂತ್ರ ಸರಳವಾಗಿತ್ತು. ಮುಖ್ಯವಾದ ವಸ್ತು ಯಾವುದು, ಬೇಯಿಸಿದ್ದೋ ಹುರಿದದ್ದೋ ಕರಿದದ್ದೋ, ಎಂಥ ರಸದಲ್ಲಿ ಬರುತ್ತದೆ, ಇವಿಷ್ಟನ್ನು ಹೆಸರಿನಲ್ಲೇ ಹೇಳಿಬಿಡುವುದು. ಸಿಂಹದ ತಲೆ ಹೋಗಿ ‘ಕಂದು ರಸದಲ್ಲಿ ಬೇಯಿಸಿದ ಹಂದಿಮಾಂಸದ ಉಂಡೆ’ ಬಂತು. ಆದರೆ ಜಿಯಾವೋಜಿ, ತೋಫು ಮುಂತಾಗಿ ಜಗತ್ತಿಗೆ ಆಗಲೇ ಪರಿಚಯವಾದ ಹೆಸರುಗಳನ್ನು ಹಾಗೇ ಉಳಿಸಿಕೊಂಡರು. ಮಾಪೊ ತೋಫು ಎಂಬ ಹೆಸರಿನಲ್ಲಿ ಮುಖದ ಮೇಲೆ ಸಿಡುಬಿನ ಕಲೆಗಳಿದ್ದ ಅಜ್ಜಿಯೊಬ್ಬಳ ನೆನಪಿದೆ. ಆ ಹೆಸರನ್ನು ಅಳಿಸದೆ, ಪಕ್ಕದಲ್ಲಿ ಖಾರದ ರಸದಲ್ಲಿ ಹುರಿದ ತೋಫು ಎಂದು ಸೇರಿಸಿದರು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಈ ಎರಡನೆಯ ದಾರಿ. ಮೊದಲನೆಯದರಲ್ಲಿ ತಿನಿಸು ಅರ್ಥವಾಗುತ್ತದೆ, ಆದರೆ ಅದರ ಊರು ಮರೆಯಾಗುತ್ತದೆ.

ಈಗ ನಮ್ಮದೇ ಕಷ್ಟದ ಊಟವೊಂದನ್ನು ತೆಗೆದುಕೊಳ್ಳೋಣ. ಮಂಡ್ಯ, ಮೈಸೂರು, ಹಾಸನದ ಕಡೆಯ ಮುದ್ದೆ–ಬಸ್ಸಾರು. ಇಂಗ್ಲಿಷಿನಲ್ಲಿ ಮುದ್ದೆಯನ್ನು ‘ರಾಗಿ ಬಾಲ್’ ಎನ್ನುವುದು ವಾಡಿಕೆಯಾಗಿದೆ. ಬಾಲ್ ಎಂದರೆ ಆಕಾರ ಅಷ್ಟೆ. ಅದನ್ನು ಓದಿದವರು ಬೋಂಡಾದಂತೆ ಕರಿದದ್ದನ್ನೋ ಲಡ್ಡಿನಂಥ ಸಿಹಿಯನ್ನೋ ಊಹಿಸುತ್ತಾರೆ. ಬಂದದ್ದನ್ನು ಬಾಯಿಗಿಟ್ಟು ಅಗಿದರೆ ಹಲ್ಲಿಗೆ ಅಂಟುತ್ತದೆ, ರುಚಿಯೂ ಸಪ್ಪೆ. ಒಂದು ತುತ್ತಿಗೇ ಕೈ ತೊಳೆದು ಎದ್ದುಬಿಡುತ್ತಾರೆ. ಇಲ್ಲಿ ಯಾವುದರಿಂದ ಮಾಡಿದ್ದು ಎಂದು ಹೇಳಿದರೆ ಸಾಲದು, ಹೇಗೆ ತಿನ್ನಬೇಕು ಎಂಬುದನ್ನೂ ಹೇಳಬೇಕು. ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು.

ಬಸ್ಸಾರು ಇನ್ನೂ ಸೂಕ್ಷ್ಮ. ಅದು ಬಸಿದ ಸಾರು. ಪದಕ್ಕೆ ಪದ ಇಟ್ಟು ‘ಡ್ರೇನ್ಡ್ ಕರಿ’ ಎಂದರೆ ಓದಿದವರಿಗೆ ಸಾರವನ್ನೆಲ್ಲ ಚೆಲ್ಲಿ ಉಳಿದದ್ದನ್ನು ಬಡಿಸುತ್ತಾರೇನೋ ಅನ್ನಿಸುತ್ತದೆ. ನಿಜ ಅದಕ್ಕೆ ತಿರುಗುಮುರುಗು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ಕಟ್ಟನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು, ಕಾಯಿತುರಿ, ಹುಣಸೆಹಣ್ಣು, ಬೆಂದ ಕಾಳು ಒಂದು ಹಿಡಿ ಸೇರಿಸಿ ರುಬ್ಬಿ, ಆ ಕಟ್ಟಿಗೆ ಬೆರೆಸಿ ಕುದಿಸಿ ಒಗ್ಗರಣೆ ಕೊಡುತ್ತಾರೆ. ಉಳಿದ ಸೊಪ್ಪು–ಕಾಳು ಪಲ್ಯವಾಗಿ ಅದೇ ತಟ್ಟೆಗೆ ಬರುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ.

ಮೊದಲ ಕರಡಿನಲ್ಲಿ ಇದನ್ನೆಲ್ಲ ಬರೆದುಕೊಳ್ಳಬೇಕು, ಆಮೇಲೆ ಒಂದೊಂದನ್ನೇ ತೆಗೆಯುತ್ತ ಬರಬೇಕು. ಯಾವ ಸೊಪ್ಪು, ಯಾವ ಕಾಳು ಎಂಬುದು ದಿನಕ್ಕೊಂದು ಬಗೆ, ಆದ್ದರಿಂದ ಅಚ್ಚಿನ ಪಟ್ಟಿಯಲ್ಲಿ ಬೇಡ, ಬಾಗಿಲ ಬಳಿಯ ಕಪ್ಪುಹಲಗೆಯಲ್ಲಿ ಬರೆಯಬಹುದು. ಜೀರಿಗೆ, ಹುಣಸೆಯೂ ಬೇಡ, ನಮ್ಮ ಅಡುಗೆಯಲ್ಲಿ ಅವು ಎಲ್ಲದರಲ್ಲೂ ಇರುತ್ತವೆ. ಖಾರ ಎಂಬುದು ಉಳಿಯಬೇಕು. ಬೆಳ್ಳುಳ್ಳಿಯೂ ಉಳಿಯಬೇಕು, ಅದನ್ನು ಮುಟ್ಟದ ಜೈನರು ಬಂದರೆ ಗೊತ್ತಾಗಲಿ ಎಂದು. ತೆಗೆದು ತೆಗೆದು ಕೊನೆಗೆ ಹೆಸರಿನ ಕೆಳಗೆ ಹೀಗೆ ನಿಲ್ಲುತ್ತದೆ: ‘ಉಪ್ಪಿಲ್ಲದ ಬಿಸಿ ರಾಗಿಹಿಟ್ಟಿನ ಉಂಡೆ, ಸೊಪ್ಪು–ಕಾಳು ಬೇಯಿಸಿದ ನೀರಿನ ಖಾರವಾದ ಸಾರು, ಬೆಳ್ಳುಳ್ಳಿ ಇದೆ, ಜೊತೆಗೆ ಅದೇ ಸೊಪ್ಪಿನ ಪಲ್ಯ. ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅಗಿಯದೆ ನುಂಗಿ.’ ದೋಸೆಯ ಸಾಲಿಗಿಂತ ಇದು ಉದ್ದ. ಹೊಸಬರಿಗೆ ಅಪರಿಚಿತವಾದ ಊಟಕ್ಕೆ ಇಷ್ಟು ಜಾಗ ಕೊಡುವುದು ನ್ಯಾಯ. ಕಾಫಿಗೆ, ಇಡ್ಲಿಗೆ ಸಾಲೇ ಬೇಡ.

ಸಾಲು ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ಕಡೆ ಕೇಳಬೇಕು. ಮೊದಲು ಅಡುಗೆಭಟ್ಟರನ್ನು. ಬರೆದದ್ದನ್ನು ಅವರ ಭಾಷೆಯಲ್ಲೇ ಓದಿ ಹೇಳಿದರೆ, ‘ಅದಕ್ಕೆ ನಾವು ಗೋಡಂಬಿ ರುಬ್ಬಿ ಹಾಕ್ತೀವಿ ಸ್ವಾಮಿ, ಬರ್ದಿಲ್ವಲ್ಲ’ ಎಂಬಂಥ ಮಾತು ಹೊರಬರುವುದು ಆಗಲೇ. ಆಮೇಲೆ ಆ ತಿನಿಸನ್ನು ಕಂಡಿರದ ಒಬ್ಬರಿಗೆ ಹೆಸರು ಮುಚ್ಚಿ ಸಾಲನ್ನಷ್ಟೇ ತೋರಿಸಿ, ತಟ್ಟೆಯಲ್ಲಿ ಏನು ಬರುತ್ತದೆ, ಬಿಸಿಯೋ ತಣ್ಣಗೋ, ಸಿಹಿಯೋ ಖಾರವೋ ಎಂದು ಕೇಳಬೇಕು. ಮಲೆನಾಡಿನ ಒಂದೆಲಗದ ತಂಬುಳಿ ಈ ಪರೀಕ್ಷೆಯಲ್ಲಿ ಸೋಲುವುದು ಹೆಚ್ಚು. ಸೂಪಿನ ಸಾಲಿನಲ್ಲಿ ಸೇರಿಸಿದರೆ ಎಲ್ಲರೂ ಬಿಸಿ ಎನ್ನುತ್ತಾರೆ. ಅದು ಸೊಪ್ಪು, ತೆಂಗಿನಕಾಯಿ ರುಬ್ಬಿ ಮಜ್ಜಿಗೆಗೆ ಬೆರೆಸಿದ, ಕುದಿಸದೆ ತಣ್ಣಗೇ ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ.

ಗೋಡಂಬಿಯ ಮಾತು ರುಚಿಗಿಂತ ದೊಡ್ಡದು. ಕೆಲವರ ಮೈಗೆ ಗೋಡಂಬಿ, ಕಡಲೆಕಾಯಿ ಆಗುವುದಿಲ್ಲ, ಒಂದು ತುತ್ತೇ ಆಸ್ಪತ್ರೆಗೆ ಒಯ್ಯಬಲ್ಲದು. ಗೋಧಿ ಒಗ್ಗದವರಿಗೆ ಸಾಂಬಾರು ನಿರಪಾಯ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಡಬ್ಬಿಯಲ್ಲಿ ಬರುವ ಇಂಗಿಗೆ ಹಲವು ಕಡೆ ಗೋಧಿಹಿಟ್ಟು ಬೆರೆಸಿರುತ್ತಾರೆ, ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಸಸ್ಯಾಹಾರಿ ಎಂಬ ಹಸಿರು ಚುಕ್ಕೆಯೂ ಹಾಲು–ತುಪ್ಪ ಬಿಟ್ಟವರಿಗೆ ಉತ್ತರ ಕೊಡುವುದಿಲ್ಲ. 2020ರ ಆಹಾರ ಲೇಬಲ್ ನಿಯಮಗಳು ಹತ್ತು ಅಥವಾ ಅದಕ್ಕೂ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಯ ವಸ್ತುಗಳನ್ನು ತಿಳಿಸಬೇಕೆನ್ನುತ್ತವೆ. ಒಂದೇ ಅಂಗಡಿಯ ಹೋಟೆಲಿಗೆ ಆ ಕಟ್ಟಳೆ ಅನ್ವಯಿಸದಿದ್ದರೂ ಹೆಸರಿನ ಕೆಳಗಿನ ಸಾಲಿನಲ್ಲಿ ‘ಗೋಡಂಬಿ ಇದೆ’ ಎಂಬ ಎರಡು ಪದಕ್ಕೆ ಜಾಗವಿದ್ದೇ ಇದೆ.

ಬಾಗಿಲ ಮೇಲಿನ ಬೋರ್ಡಿಗೂ ಇದೇ ಲೆಕ್ಕ. ನಮ್ಮಲ್ಲಿ ಹೋಟೆಲ್ ಎಂದರೆ ಊಟ, ಹೊರದೇಶದವರಿಗೆ ಅದು ತಂಗುವ ಕೋಣೆ. ಮಿಲಿಟರಿ ಹೋಟೆಲ್ ಎಂದರೆ ಮಾಂಸದೂಟ ಎಂದು ಬೆಂಗಳೂರು–ಮೈಸೂರಿನವರಿಗೆ ಗೊತ್ತು, ದೆಹಲಿಯಿಂದ ಬಂದವರು ಸೈನಿಕರ ಕ್ಯಾಂಟೀನೆಂದು ಒಳಗೆ ಕಾಲಿಡಲು ಹಿಂಜರಿಯಬಹುದು. ಖಾನಾವಳಿಯ ಬೋರ್ಡಿನಲ್ಲಿ ಹೆಸರಿನ ಕೆಳಗೆ ‘ಜೋಳದ ರೊಟ್ಟಿ ಊಟ’ ಎಂದು ಇನ್ನೊಂದು ಭಾಷೆಯಲ್ಲಿ ಬರೆಸಿದರೆ ಕೆಲಸ ಮುಗಿಯಿತು.

ಎದುರು ದಿಕ್ಕಿನ ಅನುವಾದವೂ ಅಷ್ಟೇ ಸೊರಗಿದೆ, ಅದು ನನಗೆ ಹೆಚ್ಚು ನೋವಿನ ವಿಷಯ. 2024ರ ತಿದ್ದುಪಡಿಯ ನಂತರ ಕರ್ನಾಟಕದ ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಅಕ್ಷರಗಳೇನೋ ಕನ್ನಡವಾದವು. ಆದರೆ ‘ಹೋಮ್ ಫರ್ನಿಶಿಂಗ್ಸ್’ ಎಂಬ ಕನ್ನಡ ಅಕ್ಷರಗಳನ್ನು ಓದಿ ಕುರ್ಚಿ–ಮಂಚ ಕೇಳಲು ಒಳಹೋದವರಿಗೆ ಅಲ್ಲಿ ಸಿಗುವುದು ಪರದೆ ಬಟ್ಟೆ, ಹಾಸಿಗೆ ಹೊದಿಕೆ. ‘ಆರ್ಥೋಪೆಡಿಕ್ ಸೆಂಟರ್’ ಎಂಬ ಬೋರ್ಡಿನ ಕೆಳಗೆ ಕೈಮುರಿದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಅದು ತನ್ನ ಬಾಗಿಲೇ ಎಂದು ತಿಳಿಯಬೇಕಲ್ಲ. ಅಂಗಡಿಯ ಹೆಸರು ಮಾಲೀಕರದು, ಅದನ್ನು ಯಾರೂ ಬದಲಿಸಬೇಕಿಲ್ಲ. ಬೋರ್ಡು ಬರೆಸುವ ದಿನವೇ ಹೆಸರಿನ ಕೆಳಗೆ ‘ಪರದೆ, ಬೆಡ್‌ಶೀಟ್, ದಿಂಬಿನ ಕವರ್’ ಎಂದೋ ‘ಮೂಳೆ ಮತ್ತು ಕೀಲಿನ ಆಸ್ಪತ್ರೆ’ ಎಂದೋ ಬರೆಸಿದರೆ ಆ ಸಾಲೂ ಶೇ 60ರ ಲೆಕ್ಕಕ್ಕೆ ಸೇರುತ್ತದೆ.