ಚೀಟಿ ನಡೆಸುವವರು ಓಡಿಹೋದರೆ ದುಡ್ಡು ಯಾರ ಬಳಿ?

ನೋಂದಣಿಯಿಲ್ಲದೆ ಚೀಟಿ ನಡೆಸುವುದನ್ನು 1982ರ ಚಿಟ್ ಫಂಡ್ ಕಾಯ್ದೆಯ 4ನೇ ಕಲಂ ನಿಷೇಧಿಸಿದೆ. ತಪ್ಪಿದರೆ ಎರಡು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೂ ಬೀದಿಬೀದಿಯಲ್ಲಿ ಚೀಟಿ ನಡೆಯುತ್ತಲೇ ಇರುತ್ತದೆ. ನಡೆಸುವವರು ಒಂದು ದಿನ ಮನೆಗೆ ಬೀಗ ಹಾಕಿ ಹೋದಾಗ ಎಲ್ಲ ದುಡ್ಡೂ ಅವರ ಜೊತೆಗೇ ಹೋಯಿತು ಎಂದು ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿರುವುದಿಲ್ಲ.

ಇಪ್ಪತ್ತು ಜನ ತಿಂಗಳಿಗೆ 5,000 ಕಟ್ಟುವ ಒಂದು ಚೀಟಿ ಇದೆ ಎನ್ನೋಣ. ಕೂಗುವುದಿಲ್ಲ, ಡಬ್ಬಿಯಿಂದ ಹೆಸರು ಎತ್ತುತ್ತಾರೆ. ಬಂದವರಿಗೆ ಒಂದು ಲಕ್ಷ. ಹನ್ನೆರಡನೇ ಕಂತು ಸಂಗ್ರಹಿಸಿದ ನಡೆಸುವಾಕೆ ಅದನ್ನು ಯಾರಿಗೂ ಕೊಡದೆ ಮಾಯವಾದಳು. ಚೀಟಿ ಎತ್ತದ ಒಂಬತ್ತು ಮಂದಿ ತಲಾ 60,000 ಕಟ್ಟಿದ್ದಾರೆ: ಒಟ್ಟು 5,40,000. ಆಕೆ ಒಯ್ದದ್ದು ಮಾತ್ರ ಒಂದು ಲಕ್ಷ. ಉಳಿದ 4,40,000 ಈಗಾಗಲೇ ಚೀಟಿ ಎತ್ತಿದ ಹನ್ನೊಂದು ಮಂದಿಯ ಬಳಿ ಇದೆ. ಅವರು ಇನ್ನೂ ಎಂಟು ಕಂತು, ಅಂದರೆ ತಲಾ 40,000 ಕಟ್ಟಬೇಕು. ಅವರೇ ಎಲ್ಲರಿಗಿಂತ ಜೋರಾಗಿ ಆಕೆಯನ್ನು ಬಯ್ಯುತ್ತ, ಕಂತು ನಿಲ್ಲಿಸಿ ಸುಮ್ಮನಾಗುವುದೂ ಉಂಟು.

ಮೊದಲು ನೋಡಬೇಕಾದದ್ದು ಆ ಹನ್ನೊಂದು ಹೆಸರುಗಳನ್ನು. ಅವುಗಳಲ್ಲಿ ಮೂರು ಯಾರೂ ಮುಖ ನೋಡದ ‘ನಮ್ಮ ಅಕ್ಕನ ಕಡೆಯವರು’ ಆಗಿದ್ದರೆ, ಆ ಚೀಟಿಗಳನ್ನು ಆಕೆಯೇ ಎತ್ತಿದ್ದಾಳೆ. ಅವುಗಳ ಬಾಕಿ ಕಂತೂ ಆಕೆಯ ತಲೆಗೇ ಬರುತ್ತದೆ.

ಅಪರಾಧದ ಹೆಸರು ನಿರ್ಧಾರವಾಗುವುದೂ ಇಲ್ಲೇ. ಆರಂಭದಿಂದಲೇ ಸುಳ್ಳು ಹೆಸರಿಟ್ಟು ನಂಬಿಸಿದ್ದರೆ ಅದು ವಂಚನೆ: ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಂ, ಏಳು ವರ್ಷದವರೆಗೆ ಸೆರೆ. ಪ್ರಾಮಾಣಿಕವಾಗಿ ಶುರುಮಾಡಿ, ಒಬ್ಬರಿಗೆ ಕೊಡಲೆಂದು ಪಡೆದ ಹಣವನ್ನು ಕೊನೆಗೆ ನುಂಗಿದರೆ ನಂಬಿಕೆ ದ್ರೋಹ: 316ನೇ ಕಲಂ, ಐದು ವರ್ಷದವರೆಗೆ. ಒಂದೇ ಹಣಕ್ಕೆ ಎರಡೂ ಒಟ್ಟಿಗೆ ಹೊಂದುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ನೆನಪಿಸಿದೆ. ದೂರಿನಲ್ಲಿ ಯಾವ ತಿಂಗಳು ಯಾರು ಎತ್ತಿದರು ಎಂಬ ಪಟ್ಟಿ ಇರಬೇಕು. ಚೀಟಿ ಪುಸ್ತಕ, ಫೋನ್‌ಪೇ ವಿವರ, ವಾಟ್ಸಾಪ್ ಗುಂಪಿನ ‘ಈ ತಿಂಗಳು ಇಂಥವರಿಗೆ’ ಎಂಬ ಸಂದೇಶ ಅದಕ್ಕೆ ಸಾಕ್ಷಿ.

ಪೊಲೀಸ್ ಕೇಸು ಶಿಕ್ಷೆಗೆ. ಹಣದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬೇಕು. ಆಕೆ ಸೈಟು ಮಾರಿಕೊಳ್ಳುವ ಸೂಚನೆ ಕಂಡರೆ ತೀರ್ಪಿಗೆ ಮುಂಚೆಯೇ ಅದನ್ನು ಜಪ್ತಿ ಮಾಡುವಂತೆ ಕೋರಬಹುದು. ಎತ್ತಿದವರಿಂದ ವಸೂಲಿ ಇನ್ನೂ ಕಷ್ಟ, ಏಕೆಂದರೆ ಅವರು ಮಾತು ಕೊಟ್ಟಿದ್ದು ನಡೆಸುವಾಕೆಗೆ, ಉಳಿದ ಸದಸ್ಯರಿಗಲ್ಲ, ಬರಹವಂತೂ ಇರುವುದಿಲ್ಲ. ನೋಂದಾಯಿತ ಚೀಟಿಯಲ್ಲಿ ಎತ್ತುವವರಿಂದ ಜಾಮೀನು ಪಡೆಯುತ್ತಾರೆ, ನಡೆಸುವವರು ಮೊದಲೇ ಭದ್ರತಾ ಠೇವಣಿ ಇಟ್ಟಿರುತ್ತಾರೆ, ತಕರಾರು ರಿಜಿಸ್ಟ್ರಾರ್ ಮುಂದೆ ಹೋಗುತ್ತದೆ. ಬೀದಿ ಚೀಟಿಯಲ್ಲಿ ಈ ಮೂರೂ ಇಲ್ಲ.