ಹತ್ತು ರೂಪಾಯಿ ಟೀಯ ಅಸಲು ಎಷ್ಟು?

ಟೀ ಅಂಗಡಿಯ ಖರ್ಚು ಎರಡು ಬಗೆಯದು. ಹಾಲು, ಸಕ್ಕರೆ, ಟೀ ಪುಡಿ, ಪೇಪರ್ ಕಪ್ಪುಗಳ ಖರ್ಚು ಮಾರಾಟ ಹೆಚ್ಚಿದಂತೆ ಹೆಚ್ಚುತ್ತದೆ. ಜಾಗದ ಬಾಡಿಗೆ, ನೀರು, ದೀಪದ ಖರ್ಚು ಹತ್ತು ಲೋಟ ಮಾರಿದರೂ ಅಷ್ಟೇ, ಇನ್ನೂರು ಮಾರಿದರೂ ಅಷ್ಟೇ. ಈ ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳದೆ ಲೋಟದ ಬೆಲೆ ನಿಗದಿ ಮಾಡಲು ಬರುವುದಿಲ್ಲ. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ಹೊರಗೆ ಒಬ್ಬರೇ ನಡೆಸುವ, ದಿನಕ್ಕೆ 250 ಲೋಟ ಟೀ ಮಾರುವ ಒಂದು ಗಾಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಕೆಳಗಿನ ದರಗಳು ಲೆಕ್ಕಕ್ಕಾಗಿ ಹಿಡಿದವು. ಊರಿಂದೂರಿಗೆ ದರ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಲೆಕ್ಕ ಶುರುವಾಗಬೇಕಾದದ್ದು ಒಂದು ಪಾತ್ರೆಯಿಂದ. 3 ಲೀಟರ್ ಹಾಲಿಗೆ 2 ಲೀಟರ್ ನೀರು, 100 ಗ್ರಾಂ ಟೀ ಪುಡಿ, 350 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ, ಒಂದಿಷ್ಟು ಏಲಕ್ಕಿ. ಹಾಲು ಲೀಟರಿಗೆ 48 ರೂಪಾಯಿಯಂತೆ 144, ಪುಡಿ ಕಿಲೋಗೆ 360ರಂತೆ 36, ಸಕ್ಕರೆ ಕಿಲೋಗೆ 46ರಂತೆ 16, ಶುಂಠಿ ಏಲಕ್ಕಿಗೆ 6. ಒಟ್ಟು 202 ರೂಪಾಯಿ. ಇಷ್ಟರವರೆಗೆ ಎಲ್ಲರೂ ಸರಿಯಾಗಿಯೇ ಬರೆಯುತ್ತಾರೆ. ತಪ್ಪುವುದು ಇದನ್ನು ಎಷ್ಟರಿಂದ ಭಾಗಿಸಬೇಕು ಎಂಬಲ್ಲಿ.

ಒಂದು ಲೋಟಕ್ಕೆ 80 ಮಿಲಿಲೀಟರ್ ಎಂದರೆ 5 ಲೀಟರಿಗೆ 62 ಲೋಟ ಆಗಬೇಕು ಎನಿಸುತ್ತದೆ. ಆದರೆ ಕುದಿಯುವಾಗ ಅರ್ಧ ಲೀಟರಿನಷ್ಟು ಆವಿಯಾಗಿ ಹೋಗುತ್ತದೆ. ಟೀ ಪುಡಿ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹೀರಿಕೊಂಡು ಸೋಸುವ ಬಟ್ಟೆಯಲ್ಲೇ ಉಳಿಯುತ್ತದೆ. ಬಟ್ಟೆಯನ್ನು ಎಷ್ಟು ಹಿಂಡಿದರೂ ಅದರಲ್ಲಿ ಸ್ವಲ್ಪ ಟೀ ನಿಂತೇ ಇರುತ್ತದೆ, ಜಾಸ್ತಿ ಹಿಂಡಿದರೆ ಒಗರು ಬರುತ್ತದೆ. ಸಕ್ಕರೆಯಿಂದ ಅಳತೆ ಕೊಂಚ ಏರಿದರೂ ಕೊನೆಗೆ ಸಿಗುವುದು ಸುಮಾರು 4.4 ಲೀಟರ್, ಅಂದರೆ 55 ಲೋಟ. ಅದರಲ್ಲೂ ತುಳುಕಿದ್ದು, ತಳದಲ್ಲಿ ಉಳಿದದ್ದು, ಅಂಗಡಿಯವರೇ ಕುಡಿದದ್ದು ಹೋದರೆ ಕಾಸು ತರುವುದು 50 ಮಾತ್ರ. 62ರಿಂದ ಭಾಗಿಸಿದರೆ ಲೋಟದ ಸಾಮಾನಿನ ಖರ್ಚು 3 ರೂಪಾಯಿ 26 ಪೈಸೆ. 50ರಿಂದ ಭಾಗಿಸಿದರೆ 4 ರೂಪಾಯಿ 4 ಪೈಸೆ. ನಿಜವಾದದ್ದು ಎರಡನೆಯದು. ಪೇಪರ್ ಕಪ್ಪಿನ 60 ಪೈಸೆ ಸೇರಿ ಲೋಟಕ್ಕೆ 4 ರೂಪಾಯಿ 64 ಪೈಸೆ.

ಇನ್ನು ದಿನದ ಖರ್ಚು. ಬಾಡಿಗೆ ತಿಂಗಳಿಗೆ 5,200 ರೂಪಾಯಿ ಇದ್ದು ವಾರಕ್ಕೊಂದು ರಜೆ ಇದ್ದರೆ ಅದನ್ನು 30ರಿಂದಲ್ಲ, ಅಂಗಡಿ ತೆರೆದಿರುವ 26 ದಿನಗಳಿಂದ ಭಾಗಿಸಬೇಕು. ಮುಚ್ಚಿದ ದಿನದ ಬಾಡಿಗೆಯನ್ನೂ ತೆರೆದ ದಿನವೇ ದುಡಿದು ಕೊಡಬೇಕಲ್ಲ. ಹಾಗೆ ದಿನಕ್ಕೆ 200 ಆಯಿತು. ನೀರಿನ ಕ್ಯಾನಿಗೆ 60, ದೀಪ ಮತ್ತು ಸೋಪಿಗೆ 20. ಒಲೆ, ಪಾತ್ರೆ, ಗಾಡಿ, ಛತ್ರಿಗೆ 18,000 ರೂಪಾಯಿ ಹಾಕಿ ಅವು 600 ದಿನ ಬಾಳಿದರೆ ಸವಕಳಿ ದಿನಕ್ಕೆ 30.

ಗ್ಯಾಸಿನದು ಸ್ವಲ್ಪ ನಿಂತು ನೋಡಬೇಕಾದ ವಿಷಯ. ವ್ಯಾಪಾರಕ್ಕೆ ಬಳಸಬೇಕಾದದ್ದು 19 ಕಿಲೋ ಸಿಲಿಂಡರ್, ಮನೆಯ 14.2 ಕಿಲೋ ಸಿಲಿಂಡರನ್ನು ಗಾಡಿಗೆ ತರುವಂತಿಲ್ಲ. ಸಿಲಿಂಡರ್ ಜೋಡಿಸಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದರೆ ಸಾಕು, ಖಾಲಿಯಾದ ದಿನ ಲೆಕ್ಕ ತಾನಾಗಿ ಸಿಗುತ್ತದೆ. 1,800 ರೂಪಾಯಿಯದು 15 ದಿನ ಬಂದರೆ ದಿನಕ್ಕೆ 120. ಒಂದು ಪಾತ್ರೆಯನ್ನು ಕುದಿಸಿ ಹದಕ್ಕೆ ತರಲು ಬೇಕಾಗುವುದು 110ರಿಂದ 120 ಗ್ರಾಂ ಅನಿಲ, ಐದು ಪಾತ್ರೆಗೆ 600 ಗ್ರಾಂ ದಾಟದು. ಖರ್ಚಾಗುತ್ತಿರುವುದೋ ದಿನಕ್ಕೆ ಒಂದೂಕಾಲು ಕಿಲೋ. ಉಳಿದರ್ಧ ಹೋಗುವುದು ಮಾಡಿಟ್ಟ ಟೀಯನ್ನು ಸಣ್ಣ ಉರಿಯಲ್ಲಿ ಬಿಸಿಯಾಗಿಡಲು ಮತ್ತು ಗಾಳಿಯ ಪಾಲಿಗೆ. ಒಲೆಗೆ ಮೂರು ಕಡೆ ತಗಡಿನ ಮರೆ ಕಟ್ಟಿ, ಟೀಯನ್ನು ದೊಡ್ಡ ಫ್ಲಾಸ್ಕಿಗೆ ಸುರಿದಿಟ್ಟರೆ ಸಿಲಿಂಡರ್ ಹೆಚ್ಚು ದಿನ ಬರುತ್ತದೆ. ಉರಿಯ ಮೇಲೇ ಇದ್ದ ಟೀ ಗಟ್ಟಿಯಾಗಿ ಕಹಿಯಾಗುವುದೂ ತಪ್ಪುತ್ತದೆ.

ಹೀಗೆ ದಿನದ ಖರ್ಚು 430 ರೂಪಾಯಿ. ಲೋಟಕ್ಕೆ 10 ರೂಪಾಯಿಯಂತೆ 250 ಲೋಟಕ್ಕೆ 2,500 ಬರುತ್ತದೆ. ಸಾಮಾನು 1,010, ಕಪ್ಪು 150, ದಿನದ ಖರ್ಚು 430 ಕಳೆದರೆ ಉಳಿಯುವುದು 910. ಇದನ್ನು ಲಾಭ ಎನ್ನುವುದು ತಪ್ಪು. ಬೆಳಗ್ಗೆ ಐದರಿಂದ ಒಲೆಯ ಮುಂದೆ ನಿಂತವರ ಕೂಲಿ ಇದರಲ್ಲೇ ಇದೆ. ಅವರೇ ಬೇರೆ ಕಡೆ ದುಡಿದರೆ ಸಿಗುತ್ತಿದ್ದ 700 ರೂಪಾಯಿಯನ್ನು ಖರ್ಚಿನಲ್ಲಿ ಬರೆಯಬೇಕು. ಆಗ ಒಂದು ಲೋಟದ ಅಸಲು 9 ರೂಪಾಯಿ 16 ಪೈಸೆ. ದಿನದ ನಿಜವಾದ ಲಾಭ 210 ರೂಪಾಯಿ, ಅಂದರೆ ಮಾರಾಟದ ನೂರಕ್ಕೆ ಎಂಟೂವರೆಗಿಂತ ತುಸು ಕಡಿಮೆ.

ಇದನ್ನೇ ದಿನದ ಗಂಟೆಗಳ ಮೇಲೆ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಸಾಮಾನು, ಕಪ್ಪು ಕಳೆದು ಪ್ರತಿ ಲೋಟದಿಂದ ಕೈಗೆ ಸಿಗುವುದು 5 ರೂಪಾಯಿ 36 ಪೈಸೆ. ಮೊದಲ 81 ಲೋಟಗಳಲ್ಲಿ ಬಾಡಿಗೆ, ಗ್ಯಾಸು ಮುಂತಾದವು ತೀರುತ್ತವೆ. 211ನೆಯ ಲೋಟದ ಹೊತ್ತಿಗೆ ಕೂಲಿ ಹುಟ್ಟುತ್ತದೆ. ಲಾಭವೆಲ್ಲ ಕೊನೆಯ 39 ಲೋಟಗಳದು. ಮಳೆ ಹಿಡಿದು 150 ಲೋಟಕ್ಕೆ ನಿಂತ ದಿನ ಕೈಯಲ್ಲಿ ಉಳಿಯುವುದು 374 ರೂಪಾಯಿ, ಕೂಲಿಯ ಅರ್ಧ. ರಾತ್ರಿ ಒಂದು ಪಾತ್ರೆ ಟೀ ಚರಂಡಿಗೆ ಹೋದರೆ ಹೋಗುವ 202 ರೂಪಾಯಿಯನ್ನು ತುಂಬಲು 38 ಲೋಟ ಮಾರಬೇಕು. ಆದ್ದರಿಂದ ಸಂಜೆ ಏಳರ ಮೇಲೆ ಅರ್ಧ ಪಾತ್ರೆಯನ್ನಷ್ಟೇ ಇಡುವುದು ಒಳ್ಳೆಯದು.

ಸೋರಿಕೆ ಕಾಣದಂತೆ ಆಗುವುದು ಬೈಟುವಿನಲ್ಲಿ. ಒಂದು ಟೀಯನ್ನು ಎರಡಾಗಿ ಹಂಚುವಾಗ ಯಾರೂ 40 ಮಿಲಿಲೀಟರ್ ಸುರಿಯುವುದಿಲ್ಲ, 50 ಆಗಿಯೇ ಆಗುತ್ತದೆ. ಹೆಚ್ಚು ಹೋದ 20 ಮಿಲಿಲೀಟರಿಗೆ ಒಂದು ರೂಪಾಯಿ, ಎರಡನೆಯ ಕಪ್ಪಿಗೆ 60 ಪೈಸೆ. ಬೈಟುವಿಗೆ ಎರಡು ರೂಪಾಯಿ ಹೆಚ್ಚು ಕೇಳುವುದು ನ್ಯಾಯವೇ. ಬೈಟು, ಬಿಟ್ಟಿ ಟೀ, ಬರೆಸಿದ ಸಾಲ ಎಲ್ಲ ಸೇರಿ ಎಷ್ಟು ಎಂಬುದನ್ನು ಕಪ್ಪುಗಳೇ ಹೇಳುತ್ತವೆ: ಬೆಳಗ್ಗೆ ಇದ್ದ ಕಪ್ಪಿನಲ್ಲಿ ಸಂಜೆ ಉಳಿದದ್ದು ಕಳೆದು ಹತ್ತರಿಂದ ಗುಣಿಸಿ, ಗಲ್ಲಾ ಮತ್ತು ಫೋನಿಗೆ ಬಂದ ಹಣದ ಜೊತೆ ಹೋಲಿಸಿದರೆ ಸಾಕು.

ಬೆಲೆ ಏರಿಸುವ ಪ್ರಶ್ನೆ ಸಾಮಾನ್ಯವಾಗಿ ಹಾಲಿನ ದರದೊಂದಿಗೆ ಬರುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅಂಥ ಏರಿಕೆ ಈ ಗಾಡಿಯ ಒಂದು ಲೋಟಕ್ಕೆ ತರುವುದು 24 ಪೈಸೆ ಮಾತ್ರ, ಆದರೆ 15 ಲೀಟರಿಗೆ ದಿನಕ್ಕೆ 60 ರೂಪಾಯಿ, ಲಾಭದ ಕಾಲು ಭಾಗಕ್ಕಿಂತ ಹೆಚ್ಚು. ಆಗ ಹಲವರು ಲೋಟದ ಅಳತೆ ತಗ್ಗಿಸುತ್ತಾರೆ. 80ರಿಂದ 70ಕ್ಕೆ ಇಳಿಸಿದರೆ ಉಳಿಯುವುದು ಲೋಟಕ್ಕೆ 50 ಪೈಸೆಯಷ್ಟೇ, ದಿನಾ ಬರುವ ಗಿರಾಕಿಗೆ ಅದು ಗೊತ್ತಾಗದೆ ಇರುವುದಿಲ್ಲ. ಬದಲಿಗೆ 12 ರೂಪಾಯಿ ಮಾಡಿದರೆ, ಹಾಲಿನ ಹಳೆಯ ದರದಲ್ಲೇ ಲೆಕ್ಕ ಹಿಡಿದು, ಪ್ರತಿ ಲೋಟದಿಂದ 7 ರೂಪಾಯಿ 36 ಪೈಸೆ ಸಿಗುತ್ತದೆ. 250 ಲೋಟದಿಂದ ಸಿಗುತ್ತಿದ್ದಷ್ಟೇ ಹಣ 183 ಲೋಟಕ್ಕೇ ಬರುತ್ತದೆ. 67 ಲೋಟದ ವ್ಯಾಪಾರ ಕೈಬಿಟ್ಟರೂ ನಷ್ಟವಿಲ್ಲ. ಎರಡು ರೂಪಾಯಿ ಚಿಲ್ಲರೆ ಹುಡುಕುವ ಕಷ್ಟ ಫೋನಿನಲ್ಲಿ ಹಣ ಕೊಡುವವರಿಂದ ಎಷ್ಟೋ ಕಡಿಮೆಯಾಗಿದೆ. ಪಕ್ಕದ ಗಾಡಿಯಲ್ಲಿ ಹತ್ತಕ್ಕೇ ಟೀ ಸಿಗುತ್ತಿದ್ದರೆ ಮಾತ್ರ, 67ಕ್ಕಿಂತ ಹೆಚ್ಚು ಲೋಟ ಅತ್ತ ಹೋಗುತ್ತದೆಯೇ ಎಂದು ಒಂದು ವಾರ ಕಪ್ಪು ಎಣಿಸಿ ನೋಡಬೇಕು.