ಅನಿಲದ ಮೋಲಾರ್ ಗಾತ್ರ

ಒಂದು ಮೋಲ್ ಅನಿಲವು ನಿರ್ದಿಷ್ಟ ತಾಪ ಮತ್ತು ಒತ್ತಡದಲ್ಲಿ ಆಕ್ರಮಿಸುವ ಗಾತ್ರವನ್ನು ಆ ಅನಿಲದ ಮೋಲಾರ್ ಗಾತ್ರ ಎನ್ನುತ್ತಾರೆ. 0 ಡಿಗ್ರಿ ಸೆಲ್ಸಿಯಸ್ ತಾಪ ಮತ್ತು 1 ವಾಯುಮಂಡಲ ಒತ್ತಡದಲ್ಲಿ (101.325 ಕಿಲೋಪಾಸ್ಕಲ್) ಆದರ್ಶ ಅನಿಲದ ಮೋಲಾರ್ ಗಾತ್ರವು 22.414 ಲೀಟರ್ ಆಗಿರುತ್ತದೆ. ಸಾಮಾನ್ಯ ಲೆಕ್ಕಗಳಲ್ಲಿ ಇದನ್ನು 22.4 ಲೀಟರ್ ಎಂದು ಬಳಸುವುದು ರೂಢಿ. ರಾಸಾಯನಿಕ ಕ್ರಿಯೆಯಲ್ಲಿ ಬಿಡುಗಡೆಯಾಗುವ ಅಥವಾ ಬಳಕೆಯಾಗುವ ಅನಿಲದ ಗಾತ್ರವನ್ನು ಈ ಸಂಖ್ಯೆಯ ನೆರವಿನಿಂದ ಕಂಡುಹಿಡಿಯಬಹುದು.

## ಹಿನ್ನೆಲೆ

ಒಂದೇ ತಾಪ ಮತ್ತು ಒತ್ತಡದಲ್ಲಿರುವ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಇಟಲಿಯ ಅಮೆಡಿಯೊ ಅವೊಗಾಡ್ರೊ 1811ರಲ್ಲಿ ಪ್ರತಿಪಾದಿಸಿದನು. ಸಾಮಾನ್ಯ ಒತ್ತಡದಲ್ಲಿ ಅನಿಲದ ಅಣುಗಳ ನಡುವಿನ ಅಂತರವು ಅಣುವಿನ ವ್ಯಾಸದ ಸುಮಾರು ಹತ್ತು ಪಟ್ಟು ಇರುತ್ತದೆ. ಆದುದರಿಂದ ಅಣುವು ಚಿಕ್ಕದೋ ದೊಡ್ಡದೋ ಎಂಬುದು ಒಟ್ಟು ಗಾತ್ರವನ್ನು ಹೆಚ್ಚು ಬದಲಿಸುವುದಿಲ್ಲ. 2 ಗ್ರಾಂ ಜಲಜನಕವೂ 32 ಗ್ರಾಂ ಆಮ್ಲಜನಕವೂ ಹೆಚ್ಚು ಕಡಿಮೆ ಒಂದೇ ಗಾತ್ರವನ್ನು ಆಕ್ರಮಿಸುವುದಕ್ಕೆ ಇದೇ ಕಾರಣ. ದ್ರವ ಮತ್ತು ಘನಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಒಂದು ಮೋಲ್ ದ್ರವರೂಪದ ನೀರಿನ ಗಾತ್ರ ಕೇವಲ 18 ಮಿಲಿಲೀಟರ್ ಮಾತ್ರ.

## ಎರಡು ಪ್ರಮಾಣಿತ ಸ್ಥಿತಿಗಳು

1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವು ಪ್ರಮಾಣಿತ ಒತ್ತಡವನ್ನು 100 ಕಿಲೋಪಾಸ್ಕಲ್‌ಗೆ (1 ಬಾರ್) ಬದಲಿಸಿತು. ಒತ್ತಡ ತುಸು ಕಡಿಮೆಯಾದ್ದರಿಂದ ಮೋಲಾರ್ ಗಾತ್ರವು 22.7 ಲೀಟರ್‌ಗೆ ಏರಿತು. ಹಳೆಯ 22.4 ಇಂದಿಗೂ ಬಳಕೆಯಲ್ಲಿದೆ. ಒಂದೇ ಲೆಕ್ಕಕ್ಕೆ ಎರಡು ಪುಸ್ತಕಗಳಲ್ಲಿ ಬೇರೆ ಬೇರೆ ಉತ್ತರಗಳು ಕಂಡುಬಂದರೆ, ಪ್ರಶ್ನೆಯಲ್ಲಿ ಕೊಟ್ಟಿರುವ ಒತ್ತಡವು 1 ವಾಯುಮಂಡಲವೋ 1 ಬಾರ್ ಎಂಬುದೋ ಎಂದು ಮೊದಲು ನೋಡಬೇಕು.

## ಲೆಕ್ಕ ಮಾಡುವ ಕ್ರಮ

ಇಂತಹ ಲೆಕ್ಕಗಳಲ್ಲಿ ಮೂರು ಹಂತಗಳಿವೆ: ಕೊಟ್ಟಿರುವ ಪದಾರ್ಥವನ್ನು ಮೋಲ್‌ಗಳಿಗೆ ಪರಿವರ್ತಿಸುವುದು, ಸರಿದೂಗಿಸಿದ ಸಮೀಕರಣದಿಂದ ಅನಿಲದ ಮೋಲ್‌ಗಳನ್ನು ಪಡೆಯುವುದು, ಅದನ್ನು ಮೋಲಾರ್ ಗಾತ್ರದಿಂದ ಗುಣಿಸುವುದು.

ಉದಾಹರಣೆಗೆ, 0.0486 ಗ್ರಾಂ ಮೆಗ್ನೀಸಿಯಂ ಪಟ್ಟಿಯನ್ನು ಸಾಕಷ್ಟು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಲಾಗಿದೆ ಎಂದುಕೊಳ್ಳೋಣ.

Mg + 2HCl → MgCl₂ + H₂

ಮೆಗ್ನೀಸಿಯಂನ ಮೋಲಾರ್ ರಾಶಿ 24.3 ಗ್ರಾಂ. ಆದುದರಿಂದ ಪಟ್ಟಿಯಲ್ಲಿರುವುದು 0.0486 ÷ 24.3 = 0.002 ಮೋಲ್. ಸಮೀಕರಣದ ಪ್ರಕಾರ ಒಂದು ಮೋಲ್ ಮೆಗ್ನೀಸಿಯಂನಿಂದ ಒಂದು ಮೋಲ್ ಜಲಜನಕ ಬರುವುದರಿಂದ ಜಲಜನಕವೂ 0.002 ಮೋಲ್. ಅದರ ಗಾತ್ರ 0.002 × 22.4 = 0.0448 ಲೀಟರ್, ಅಂದರೆ 44.8 ಮಿಲಿಲೀಟರ್.

## ಪ್ರಯೋಗಶಾಲೆಯಲ್ಲಿ ಕಾಣುವ ವ್ಯತ್ಯಾಸ

ಇದೇ ಪ್ರಯೋಗವನ್ನು ಬೆಂಗಳೂರಿನಲ್ಲಿ 27 ಡಿಗ್ರಿ ತಾಪದಲ್ಲಿ ನಡೆಸಿ, ಜಲಜನಕವನ್ನು ನೀರಿನ ಮೇಲೆ ಅಳತೆಯ ನಳಿಕೆಯಲ್ಲಿ ಸಂಗ್ರಹಿಸಿದರೆ ಸುಮಾರು 57 ಮಿಲಿಲೀಟರ್ ದೊರೆಯುತ್ತದೆ. ಪ್ರಯೋಗ ತಪ್ಪಾಗಿಲ್ಲ, ಸ್ಥಿತಿಗಳು ಬೇರೆಯಾಗಿವೆ. ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್ ಮಾತ್ರ. ನಳಿಕೆಯಲ್ಲಿ ಜಲಜನಕದ ಜೊತೆಗೆ ನೀರಾವಿಯೂ ಇದ್ದು, 27 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 3.6 ಕಿಲೋಪಾಸ್ಕಲ್. ಇದನ್ನು ಕಳೆದರೆ ಒಣ ಜಲಜನಕದ ಒತ್ತಡ 87.4 ಕಿಲೋಪಾಸ್ಕಲ್.

57.1 ಮಿಲಿಲೀಟರ್ ಅಳತೆಯನ್ನು ಪ್ರಮಾಣಿತ ಸ್ಥಿತಿಗೆ ತರುವ ಕ್ರಮ ಹೀಗಿದೆ. ತಾಪವನ್ನು ಕೆಲ್ವಿನ್‌ನಲ್ಲಿ ತೆಗೆದುಕೊಳ್ಳಬೇಕು.

57.1 × (273 ÷ 300) × (87.4 ÷ 101.3) ≈ 44.8

ಈ ತಿದ್ದುಪಡಿ ಮಾಡದೆ 57.1 ಅನ್ನು ನೇರವಾಗಿ 22,400ರಿಂದ ಭಾಗಿಸಿದರೆ ಜಲಜನಕ 0.00255 ಮೋಲ್ ಎಂದು ಬರುತ್ತದೆ. ಇದು ನಿಜವಾದ ಮೊತ್ತಕ್ಕಿಂತ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಅಧಿಕ. ಇದ್ದ ಮೆಗ್ನೀಸಿಯಂನಿಂದ ಅಷ್ಟು ಜಲಜನಕ ಹೊರಡುವುದು ಸಾಧ್ಯವೇ ಇಲ್ಲವಾದ್ದರಿಂದ ತಪ್ಪನ್ನು ಇಲ್ಲಿಯೇ ಗುರುತಿಸಬಹುದು.

## ಮಿತಿಗಳು

ಅನಿಲಗಳ ನಡುವಿನ ಕ್ರಿಯೆಯಲ್ಲಿ ತಾಪ ಮತ್ತು ಒತ್ತಡ ಒಂದೇ ಆಗಿದ್ದರೆ 22.4ರ ಅಗತ್ಯವಿಲ್ಲ, ಸಮೀಕರಣದ ಗುಣಾಂಕಗಳೇ ಗಾತ್ರಗಳ ಅನುಪಾತವನ್ನು ಕೊಡುತ್ತವೆ. 2H₂ + O₂ → 2H₂O ಕ್ರಿಯೆಯಲ್ಲಿ 20 ಲೀಟರ್ ಜಲಜನಕಕ್ಕೆ 10 ಲೀಟರ್ ಆಮ್ಲಜನಕ ಸಾಕು. ಆದರೆ ಪ್ರಮಾಣಿತ ಸ್ಥಿತಿಯಲ್ಲಿ 20 ಲೀಟರ್ ನೀರಾವಿ ದೊರೆಯುತ್ತದೆ ಎನ್ನುವುದು ತಪ್ಪು, ಏಕೆಂದರೆ ಆ ತಾಪದಲ್ಲಿ ನೀರು ಅನಿಲವಾಗಿ ಉಳಿಯುವುದಿಲ್ಲ.

ನೈಜ ಅನಿಲಗಳು ಆದರ್ಶ ಅನಿಲದಂತೆಯೇ ವರ್ತಿಸುವುದೂ ಇಲ್ಲ. 0 ಡಿಗ್ರಿ ತಾಪ, 1 ವಾಯುಮಂಡಲ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್‌ನ ಮೋಲಾರ್ ಗಾತ್ರ ಸುಮಾರು 22.26 ಲೀಟರ್, ಅಮೋನಿಯಾದ್ದು ಸುಮಾರು 22.1 ಲೀಟರ್. ಇವುಗಳ ಅಣುಗಳ ನಡುವಿನ ಆಕರ್ಷಣೆ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಶಾಲಾ ಮಟ್ಟದ ಲೆಕ್ಕಗಳಲ್ಲಿ ಈ ಸಣ್ಣ ವ್ಯತ್ಯಾಸವನ್ನು ಪರಿಗಣಿಸುವುದಿಲ್ಲ.